ತಾನಾಗಿಯೇ ಆದ ತಪ್ಪು

ನಾನು ಖಾತೆ ಇಟ್ಟಿರುವ ಬ್ಯಾಂಕಿನಿಂದ ಒಂದು ದಿನ ಫೋನಿಗೆ ಸಂದೇಶ ಬಂತು. ‘ತಾಂತ್ರಿಕ ಕಾರಣಗಳಿಂದಾಗಿ ಕೆಲವು ಗ್ರಾಹಕರ ಖಾತೆಗಳಿಂದ ವಾರ್ಷಿಕ ಶುಲ್ಕವು ಎರಡು ಬಾರಿ ಕಡಿತಗೊಂಡಿರುವುದು ಗಮನಕ್ಕೆ ಬಂದಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ. ಉಂಟಾದ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ.’

ಹಣ ಹೋದದ್ದು ನನ್ನದು, ಅಷ್ಟು ಗೊತ್ತಾಯಿತು. ತೆಗೆದವರು ಯಾರು ಎಂದು ಹುಡುಕಿದರೆ ಮೂರು ವಾಕ್ಯಗಳಲ್ಲಿ ಎಲ್ಲೂ ಒಬ್ಬ ಮನುಷ್ಯ ಸಿಗಲಿಲ್ಲ. ಮೊದಲ ವಾಕ್ಯದಲ್ಲಿ ಶುಲ್ಕ ತನ್ನ ಪಾಡಿಗೆ ತಾನು ಕಡಿತಗೊಂಡಿದೆ, ಆಮೇಲೆ ಆ ಸಂಗತಿ ಯಾರದ್ದೋ ಗಮನಕ್ಕೆ ತಾನೇ ನಡೆದುಕೊಂಡು ಬಂದಿದೆ. ಎರಡನೆಯದರಲ್ಲಿ ಯಾರೋ ಏನೋ ಕ್ರಮ ಕೈಗೊಳ್ಳುತ್ತಿದ್ದಾರೆ. ಬ್ಯಾಂಕು ‘ನಾವು’ ಎಂದು ಮುಖ ತೋರಿಸುವುದು ಕಟ್ಟಕಡೆಯ ಕ್ರಿಯಾಪದದ ಬಾಲದಲ್ಲಿ, ಅದೂ ದುಃಖ ಪಡುವುದಕ್ಕೆ. ನೆರೆಮನೆಯಲ್ಲಿ ಸಾವಾದಾಗ ಹೋಗಿ ಎರಡು ಮಾತು ಹೇಳಿ ಬರುತ್ತೇವಲ್ಲ, ಹಾಗೆ.

ಪತ್ರಿಕೆಯ ಸುದ್ದಿಮನೆಯಲ್ಲಿ ಬಹಳ ವರ್ಷ ಕೂತವನು ನಾನು. ಕಂಪನಿಗಳು ಕಳುಹಿಸುವ ಇಂಗ್ಲಿಷ್ ಹೇಳಿಕೆಗಳನ್ನು ಕನ್ನಡಕ್ಕೆ ಇಳಿಸುವುದು ದಿನದ ಕೆಲಸವಾಗಿತ್ತು. ಆ ಕೆಲಸ ಒಂದು ಚಾಳಿ ಕಲಿಸಿತು. ಯಾವ ಹೇಳಿಕೆ ಬಂದರೂ ಮೊದಲು ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಅಡಿಗೆ ಗೆರೆ ಎಳೆಯುವುದು, ಪಕ್ಕದಲ್ಲಿ ‘ಯಾರು?’ ಎಂದು ಬರೆಯುವುದು. ಉತ್ತರ ಹೇಳಿಕೆಯ ಒಳಗೇ ಸಿಕ್ಕರೆ ಸರಿ. ಸಿಗದಿದ್ದರೆ ಅಲ್ಲಿ ಏನೋ ಅಡಗಿದೆ ಎಂದು ಅನುಮಾನ ಪಡಬಹುದು.

ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಓದಿದ್ದು ನೆನಪಿರಬಹುದು. ‘ರಾಮನು ರಾವಣನನ್ನು ಕೊಂದನು’ ಎಂದರೆ ಕರ್ತರಿ, ‘ರಾವಣನು ರಾಮನಿಂದ ಕೊಲ್ಲಲ್ಪಟ್ಟನು’ ಎಂದರೆ ಕರ್ಮಣಿ. ಆ ‘ಕೊಲ್ಲಲ್ಪಟ್ಟನು’ ಪರೀಕ್ಷೆಯ ಉತ್ತರಪತ್ರಿಕೆ ಬಿಟ್ಟು ಬೇರೆಲ್ಲೂ ಹೆಚ್ಚು ಬಾಳಲಿಲ್ಲ. ಅದು ರಾಮನನ್ನು ಮರೆಮಾಡುವುದೂ ಇಲ್ಲ, ‘ರಾಮನಿಂದ’ ಎಂದು ಹೇಳಿಯೇ ಬಿಡುತ್ತದೆ. ಕನ್ನಡದಲ್ಲಿ ನುಣುಚಿಕೊಳ್ಳುವವರಿಗೆ ಬೇರೆ ಎರಡು ದಾರಿಗಳಿವೆ, ಎರಡೂ ಹೆದ್ದಾರಿಗಳೇ.

ಒಂದು, ಸರ್ಕಾರಿ ಕಚೇರಿಗಳು ದಶಕಗಳಿಂದ ಸವೆಸಿ ನುಣುಪಾಗಿಸಿದ ‘ಲಾಗಿದೆ’. ‘ಆದೇಶಿಸಲಾಗಿದೆ’, ‘ಪರಿಶೀಲಿಸಲಾಗುವುದು’, ‘ಕ್ರಮ ಜರುಗಿಸಲಾಗುತ್ತಿದೆ’. ಇಲ್ಲಿ ಮಾಡಿದವರೊಬ್ಬರು ಇದ್ದಾರೆ ಎಂಬುದನ್ನು ವ್ಯಾಕರಣ ಒಪ್ಪುತ್ತದೆ, ಹೆಸರು ಮಾತ್ರ ಹೇಳುವುದಿಲ್ಲ. ಪರದೆಯ ಹಿಂದೆ ಕಾಲು ಕಾಣಿಸುತ್ತಿರುತ್ತದೆ. ಇನ್ನೊಂದು ಇದಕ್ಕಿಂತ ಜಾಣತನದ್ದು: ‘ಆಗು’, ‘ಉಂಟಾಗು’, ‘ಗೊಳ್ಳು’, ‘ಹೋಗು’. ‘ವಿಳಂಬವಾಗಿದೆ’, ‘ಸೋರಿಕೆ ಉಂಟಾಗಿದೆ’, ‘ಮೊತ್ತ ಕಡಿತಗೊಂಡಿದೆ’, ‘ಮಾಹಿತಿ ಅಳಿಸಿಹೋಗಿದೆ’. ಇಲ್ಲಿ ಪರದೆಯೂ ಇಲ್ಲ, ಕಾಲೂ ಇಲ್ಲ. ಮಳೆ ಬಂತು, ಹೊತ್ತು ಮುಳುಗಿತು ಎನ್ನುವ ಹಾಗೆ ಸಂಗತಿ ನಡೆದುಹೋಗಿದೆ. ಲೋಟ ಬೀಳಿಸಿದ ಮಗು ಅಡುಗೆಮನೆಯಿಂದ ಕೂಗಿ ಹೇಳುವುದು ‘ಲೋಟ ಬಿದ್ದೋಯ್ತಮ್ಮ’ ಎಂದು. ‘ಬೀಳಿಸಿದೆ’ ಎನ್ನುವುದಿಲ್ಲ. ‘ಬೀಳು’ ಮತ್ತು ‘ಬೀಳಿಸು’, ‘ಉರುಳು’ ಮತ್ತು ‘ಉರುಳಿಸು’, ‘ಅಳಿಸಿಹೋಗು’ ಮತ್ತು ‘ಅಳಿಸು’ ಎಂಬ ಜೋಡಿಗಳ ನಡುವಿನ ಅಂತರ ನಾಲ್ಕು ವರ್ಷದ ಮಗುವಿಗೇ ಗೊತ್ತು.

ಈ ಎರಡನೆಯ ಬಗೆಯನ್ನು ಹಿಡಿಯಲು ನಾನು ಒಂದು ಸಣ್ಣ ಉಪಾಯ ಮಾಡುತ್ತೇನೆ. ಕ್ರಿಯಾಪದದ ಮುಂದೆ ‘ತಾನಾಗಿಯೇ’ ಎಂಬ ಮಾತು ಸೇರಿಸಿ ಓದುತ್ತೇನೆ. ‘ಶುಲ್ಕವು ತಾನಾಗಿಯೇ ಎರಡು ಬಾರಿ ಕಡಿತಗೊಂಡಿದೆ.’ ವಾಕ್ಯ ಒಂದಿಷ್ಟೂ ಕುಂಟುವುದಿಲ್ಲ, ಆದರೆ ಅರ್ಥ ನಗೆ ತರಿಸುತ್ತದೆ. ವ್ಯಾಕರಣಕ್ಕೆ ಒಪ್ಪಿಗೆಯಾಗಿ, ಲೋಕಜ್ಞಾನಕ್ಕೆ ಒಪ್ಪಿಗೆಯಾಗದಿದ್ದರೆ ಅಲ್ಲಿ ಮಾಡಿದವರನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿದ್ದಾರೆ ಎಂದೇ ಲೆಕ್ಕ. ‘ನದಿಯಲ್ಲಿ ತಾನಾಗಿಯೇ ನೀರು ಏರಿದೆ’ ಎಂದರೆ ನಗೆ ಬರುವುದಿಲ್ಲ. ಮಳೆಗಾಲದಲ್ಲಿ ಅದು ಏರುವುದೇ. ಅಣೆಕಟ್ಟೆಯ ಗೇಟು ಎತ್ತಿದ್ದರಿಂದ ಏರಿದ್ದರೆ ಮಾತ್ರ ನಗೆ ಬರಬೇಕು.

ಹಾಗೆಂದು ‘ಆಯಿತು’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದರೆ ಕನ್ನಡಕ್ಕೇ ಅನ್ಯಾಯ. ನಮ್ಮಲ್ಲಿ ಅತ್ಯಂತ ಪ್ರಾಮಾಣಿಕವಾದ ಕ್ಷಮಾಪಣೆ ಯಾವುದು? ‘ತಪ್ಪಾಯ್ತು.’ ಅದರಲ್ಲಿ ‘ನಾನು’ ಇಲ್ಲ, ‘ಮಾಡಿದೆ’ ಇಲ್ಲ. ಆದರೂ ಯಾರೂ ಅದನ್ನು ಜಾರಿಕೆಯ ಮಾತೆನ್ನುವುದಿಲ್ಲ, ಏಕೆಂದರೆ ಹೇಳುವವನು ಎದುರಿಗೆ ತಲೆ ತಗ್ಗಿಸಿ ನಿಂತಿರುತ್ತಾನೆ. ಬಿಟ್ಟುಹೋದ ಕರ್ತೃಪದವನ್ನು ಆತನ ಮುಖವೇ ತುಂಬಿಕೊಡುತ್ತದೆ. ಕಂಪನಿಗೆ ಮುಖವಿಲ್ಲ. ಅದು ಬಾಯಲ್ಲಿ ಬಿಟ್ಟದ್ದನ್ನು ಬೇರೆ ಯಾವುದೂ ತುಂಬುವುದಿಲ್ಲ. ಆದ್ದರಿಂದ ಮನುಷ್ಯ ‘ತಪ್ಪಾಯ್ತು’ ಎಂದರೆ ಸಾಕಾಗುವ ಕಡೆ, ಕಂಪನಿ ‘ನಾವು ಇಂಥದ್ದು ಮಾಡಿದೆವು’ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಇದು ಹೇಗೆ ನಡೆಯುತ್ತದೆ, ಹೇಗೆ ಬಿಡಿಸಬಹುದು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನದು. 2017ರ ಏಪ್ರಿಲ್ 9, ಭಾನುವಾರ ಸಂಜೆ. ಚಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಲೂಯಿವಿಲ್‌ಗೆ ಹೊರಡಬೇಕಿದ್ದ 3411ನೇ ವಿಮಾನ. ಜನರೆಲ್ಲ ಹತ್ತಿ ಕೂತಾಗಿತ್ತು. ಆಗ ಕಂಪನಿಗೆ ತನ್ನ ನಾಲ್ವರು ಸಿಬ್ಬಂದಿಯನ್ನು ಅದೇ ವಿಮಾನದಲ್ಲಿ ಕಳುಹಿಸಬೇಕಾಯಿತು. ಲೂಯಿವಿಲ್‌ನಲ್ಲಿ ಇನ್ನೊಂದು ವಿಮಾನದ ಕೆಲಸ ಅವರಿಗೆ ಕಾದಿತ್ತು. ಹಣ ಕೊಡುತ್ತೇವೆ, ಯಾರಾದರೂ ಇಳಿಯಿರಿ ಎಂದರು. ಬೇಕಾದಷ್ಟು ಜನ ಮುಂದೆ ಬರಲಿಲ್ಲ. ಆಮೇಲೆ ಕಂಪನಿಯೇ ನಾಲ್ವರನ್ನು ಆರಿಸಿತು. ಮೂವರು ಇಳಿದರು. ನಾಲ್ಕನೆಯವರು ಅರವತ್ತೊಂಬತ್ತು ವರ್ಷದ ವೈದ್ಯರು, ಬೆಳಿಗ್ಗೆ ರೋಗಿಗಳನ್ನು ನೋಡಬೇಕು, ಇಳಿಯುವುದಿಲ್ಲ ಎಂದರು. ವಿಮಾನ ನಿಲ್ದಾಣದ ಭದ್ರತಾ ಅಧಿಕಾರಿಗಳು ಬಂದು ಅವರನ್ನು ಸೀಟಿನಿಂದ ಕಿತ್ತು, ಎರಡು ಸಾಲುಗಳ ನಡುವಿನ ದಾರಿಯಲ್ಲಿ ಎಳೆದುಕೊಂಡು ಹೋದರು. ಮುಖದಿಂದ ರಕ್ತ ಸುರಿಯುತ್ತಿದ್ದುದನ್ನು ಸಹಪ್ರಯಾಣಿಕರು ಫೋನಿನಲ್ಲಿ ಚಿತ್ರಿಸಿದರು. ಮೂಗು ಮುರಿದಿದೆ, ಮುಂದಿನ ಎರಡು ಹಲ್ಲು ಹೋಗಿವೆ ಎಂದು ಅವರ ವಕೀಲರು ಆಮೇಲೆ ಹೇಳಿದರು.

ಅದರ ಬೆನ್ನಿಗೇ ಕಂಪನಿಯ ವಕ್ತಾರರ ಮೊದಲ ಹೇಳಿಕೆ ಬಂತು. ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಚಿಕಾಗೋದಿಂದ ಲೂಯಿವಿಲ್‌ಗೆ ಹೋಗುವ 3411ನೇ ವಿಮಾನ ಓವರ್‌ಬುಕ್ ಆಗಿತ್ತು. ನಮ್ಮ ತಂಡ ಸ್ವಯಂಪ್ರೇರಿತರಾಗಿ ಇಳಿಯುವವರನ್ನು ಹುಡುಕಿದ ಬಳಿಕ, ಒಬ್ಬ ಗ್ರಾಹಕರು ಸ್ವಇಚ್ಛೆಯಿಂದ ವಿಮಾನ ಬಿಡಲು ನಿರಾಕರಿಸಿದರು ಮತ್ತು ಗೇಟಿಗೆ ಬರುವಂತೆ ಪೊಲೀಸರನ್ನು ಕೇಳಿಕೊಳ್ಳಲಾಯಿತು. ಓವರ್‌ಬುಕ್ ಪರಿಸ್ಥಿತಿಗಾಗಿ ಕ್ಷಮೆ ಕೇಳುತ್ತೇವೆ.’

ಪೆನ್ಸಿಲ್ ತೆಗೆದುಕೊಳ್ಳೋಣ. ‘ಓವರ್‌ಬುಕ್ ಆಗಿತ್ತು.’ ಯಾರು ಮಾಡಿದ್ದು? ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವವರು ವಿಮಾನ ಕಂಪನಿಯವರೇ. ತಮಾಷೆಯೆಂದರೆ ಈ ವಾಕ್ಯ ಬರೀ ನುಣುಚು ವಾಕ್ಯವಲ್ಲ, ತಪ್ಪು ವಾಕ್ಯ. ಟಿಕೆಟ್ ಹೆಚ್ಚಾಗಿ ಮಾರಿರಲಿಲ್ಲ, ಸೀಟುಗಳು ತುಂಬಿದ್ದವು ಅಷ್ಟೆ, ಜಾಗ ಬೇಕಾದದ್ದು ಸಿಬ್ಬಂದಿಗೆ ಎಂದು ಕಂಪನಿಯೇ ಮುಂದೆ ಒಪ್ಪಿಕೊಂಡಿತು. ‘ನಾವು ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದೆವು’ ಎಂದು ಕರ್ತರಿಯಲ್ಲಿ ಬರೆಯಲು ಕೂತಿದ್ದರೆ ಬರೆಯುವವನೇ ತಡೆದು ನಿಂತು, ‘ಹೌದಾ, ಮಾರಿದ್ದೆವಾ?’ ಎಂದು ಯಾರನ್ನಾದರೂ ಕೇಳುತ್ತಿದ್ದ. ‘ಆಗಿತ್ತು’ ಎಂದು ಬರೆಯುವವನಿಗೆ ಕೇಳುವ ಅಗತ್ಯ ಬೀಳುವುದಿಲ್ಲ. ನುಣುಚು ವಾಕ್ಯದ ದೊಡ್ಡ ತೊಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ಅದು ಓದುಗನಿಂದ ಮಾತ್ರವಲ್ಲ, ಬರೆಯುವವನಿಂದಲೂ ಸಂಗತಿಯನ್ನು ಮುಚ್ಚಿಡುತ್ತದೆ.

ಮುಂದಿನ ವಾಕ್ಯ ಇನ್ನೂ ನೋಡುವ ಹಾಗಿದೆ. ಒಂದೇ ಉಸಿರಿನಲ್ಲಿ ಮೂರು ಕ್ರಿಯೆಗಳಿವೆ. ಒಳ್ಳೆಯ ಕೆಲಸಕ್ಕೆ, ಅಂದರೆ ಸ್ವಯಂಪ್ರೇರಿತರನ್ನು ಹುಡುಕುವುದಕ್ಕೆ, ಕರ್ತೃ ಸ್ಪಷ್ಟ: ‘ನಮ್ಮ ತಂಡ’. ಕೆಟ್ಟ ಕೆಲಸಕ್ಕೆ, ಅಂದರೆ ನಿರಾಕರಿಸುವುದಕ್ಕೆ, ಕರ್ತೃ ಸ್ಪಷ್ಟ: ‘ಒಬ್ಬ ಗ್ರಾಹಕರು’. ಆ ಸಂಜೆಯ ಎಲ್ಲ ಅನಾಹುತಕ್ಕೂ ಬಾಗಿಲು ತೆರೆದ ಕೆಲಸಕ್ಕೆ, ಅಂದರೆ ಪೊಲೀಸರನ್ನು ಕರೆಸುವುದಕ್ಕೆ, ಕರ್ತೃವೇ ಇಲ್ಲ: ‘ಕೇಳಿಕೊಳ್ಳಲಾಯಿತು’. ಹೇಳಿಕೆಯಲ್ಲಿ ಕರ್ಮಣಿ ಇದೆಯೇ ಎಂದು ಹುಡುಕುವುದಕ್ಕಿಂತ, ಕರ್ತರಿಯಿಂದ ಕರ್ಮಣಿಗೆ ಎಲ್ಲಿ ಹೊರಳಿದೆ ಎಂದು ನೋಡುವುದು ಲಾಭದ ಕೆಲಸ. ಗಾಡಿ ಎಲ್ಲಿ ದಾರಿ ಬಿಟ್ಟಿತೋ ಅಲ್ಲೇ ಗುಂಡಿ ಇರುತ್ತದೆ. ರಕ್ತ ಸುರಿದದ್ದಂತೂ ಯಾವ ಪ್ರಯೋಗದಲ್ಲೂ ಇಲ್ಲ. ಕ್ಷಮೆ ಕೇಳಿದ್ದು ‘ಪರಿಸ್ಥಿತಿ’ಗೆ.

ಸೋಮವಾರ ಮುಖ್ಯಸ್ಥ ಆಸ್ಕರ್ ಮುನೋಜ್ ತಾವೇ ಮಾತಾಡಿದರು. ‘ಈ ಗ್ರಾಹಕರಿಗೆ ಮರುವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳುತ್ತೇನೆ’ ಎಂದರು. ಇಲ್ಲಿ ‘ನಾನು’ ಇದೆ, ವಾಕ್ಯ ಕರ್ತರಿಯಲ್ಲೇ ಇದೆ, ವ್ಯಾಕರಣದ ಮೇಷ್ಟರು ಹತ್ತಕ್ಕೆ ಹತ್ತು ಕೊಡಬಹುದು. ಜನ ಮಾತ್ರ ಇದಕ್ಕೇ ಹೆಚ್ಚು ಕೆರಳಿದರು. ‘ಬೇಕಾಗಿ ಬಂದದ್ದು’ ಎನ್ನುವಲ್ಲಿ ವಿಧಿ ಬಂದು ಕೂತಿದೆ, ಎಳೆದೊಯ್ದದ್ದು ‘ಮರುವ್ಯವಸ್ಥೆ’ ಎಂಬ ಹೋಟೆಲ್ ಕೌಂಟರಿನ ಮಾತಾಗಿದೆ. ಅದೇ ದಿನ ಸಿಬ್ಬಂದಿಗೆ ಬರೆದ ಪತ್ರ ಹೊರಬಿತ್ತು. ಅದರಲ್ಲಿ ಪ್ರಯಾಣಿಕರು ‘ಗಲಾಟೆ ಮಾಡಿದರು, ಜಗಳಕ್ಕೆ ನಿಂತರು’, ನಮ್ಮವರು ‘ನಿಗದಿತ ಕ್ರಮಗಳನ್ನು ಪಾಲಿಸಿದರು’, ಅವರಿಗೆ ಅಧಿಕಾರಿಗಳನ್ನು ಕರೆಯುವುದು ಬಿಟ್ಟು ‘ಬೇರೆ ದಾರಿ ಉಳಿದಿರಲಿಲ್ಲ’. ಮತ್ತೆ ಅದೇ ಹೊರಳು. ದಾರಿ ಉಳಿಸಿದವರು ಯಾರು, ಮುಚ್ಚಿದವರು ಯಾರು? ಕೊಡುವ ಹಣ ಹೆಚ್ಚಿಸುವ ದಾರಿ ಇತ್ತು. ಸಿಬ್ಬಂದಿಯನ್ನು ಬೇರೆ ಹೇಗಾದರೂ ಕಳುಹಿಸುವ ದಾರಿಯೂ ಇತ್ತು. ನಕ್ಷೆಯಲ್ಲಿ ಚಿಕಾಗೋ–ಲೂಯಿವಿಲ್ ನಡುವೆ ಸಮುದ್ರವೇನೂ ಇಲ್ಲ.

ಮಂಗಳವಾರದ ಮೂರನೆಯ ಹೇಳಿಕೆಯಲ್ಲಿ ಭಾಷೆ ಬದಲಾಯಿತು. ‘ಬಲವಂತವಾಗಿ ಹೊರಹಾಕಿದ’ ಗ್ರಾಹಕರಲ್ಲಿಯೂ ವಿಮಾನದಲ್ಲಿದ್ದ ಎಲ್ಲರಲ್ಲಿಯೂ ಆಳವಾಗಿ ಕ್ಷಮೆ ಕೇಳುತ್ತೇನೆ, ಯಾರನ್ನೂ ಹೀಗೆ ನಡೆಸಿಕೊಳ್ಳಬಾರದು, ಪೂರ್ತಿ ಹೊಣೆ ನಮ್ಮದು ಎಂದರು ಮುನೋಜ್. ಏನೇನು ಪರಿಶೀಲಿಸುತ್ತೇವೆ ಎಂದು ಪಟ್ಟಿ ಕೊಟ್ಟು, ಏಪ್ರಿಲ್ 30ರೊಳಗೆ ಫಲಿತಾಂಶ ಹೇಳುತ್ತೇವೆ ಎಂದು ದಿನಾಂಕವನ್ನೂ ಹಾಕಿದರು. ಇದನ್ನು ಮೊದಲ ದಿನವೇ ಹೇಳಿದ್ದರೆ ಎಂದು ಅನೇಕರು ಆಗ ಬರೆದರು. ಆದರೂ ನನ್ನ ಪೆನ್ಸಿಲ್‌ಗೆ ಒಂದು ತಕರಾರು ಉಳಿಯುತ್ತದೆ. ‘ಪೂರ್ತಿ ಹೊಣೆ’ ಎಂದರೆ ಯಾವುದರ ಹೊಣೆ? ಆ ಹೇಳಿಕೆಯಲ್ಲಿ ‘ನಾವು ಕರೆಸಿದೆವು’ ಎಂಬ ಮಾತಿಲ್ಲ. ಹೊಣೆ ಹೊತ್ತದ್ದು ಗಟ್ಟಿಯಾಗಿಯೇ ಇದೆ, ಹೊತ್ತ ಮೂಟೆಯೊಳಗೆ ಏನಿದೆ ಎಂದು ಮಾತ್ರ ಬಿಚ್ಚಿ ತೋರಿಸಿಲ್ಲ.

ಆಮೇಲೆ ಬಯಲಾದ ಸಂಗತಿಗಳನ್ನೆಲ್ಲ ಇಟ್ಟುಕೊಂಡು ಆ ಮೊದಲ ಹೇಳಿಕೆಯನ್ನು ನಾನು ತಿದ್ದಿದರೆ ಹೀಗೆ ಬರೆಯುತ್ತಿದ್ದೆ:

‘3411ನೇ ವಿಮಾನದ ಎಲ್ಲ ಸೀಟುಗಳಲ್ಲೂ ಪ್ರಯಾಣಿಕರು ಕೂತಿದ್ದರು. ನಮ್ಮ ನಾಲ್ವರು ಸಿಬ್ಬಂದಿಯನ್ನು ಅದೇ ವಿಮಾನದಲ್ಲಿ ಕಳುಹಿಸಬೇಕೆಂದು ನಾವು ಕೊನೆಗಳಿಗೆಯಲ್ಲಿ ತೀರ್ಮಾನಿಸಿದೆವು. ಹಣ ಕೊಡುತ್ತೇವೆ, ಇಳಿಯುತ್ತೀರಾ ಎಂದು ಕೇಳಿದೆವು. ಸಾಕಷ್ಟು ಜನ ಒಪ್ಪದಿದ್ದಾಗ ನಾವೇ ನಾಲ್ವರನ್ನು ಆರಿಸಿ ಇಳಿಯಲು ಹೇಳಿದೆವು. ಒಬ್ಬರು ಒಪ್ಪಲಿಲ್ಲ. ನಾವು ವಿಮಾನ ನಿಲ್ದಾಣದ ಭದ್ರತಾ ಅಧಿಕಾರಿಗಳನ್ನು ಕರೆಸಿದೆವು. ಅವರು ಆ ಪ್ರಯಾಣಿಕರನ್ನು ಸೀಟಿನಿಂದ ಎಳೆದು ಹೊರಗೆ ಒಯ್ದರು. ಪ್ರಯಾಣಿಕರಿಗೆ ಗಾಯವಾಯಿತು. ಟಿಕೆಟ್ ಕೊಂಡು ಕೂತವರನ್ನು ನಮ್ಮ ಅನುಕೂಲಕ್ಕಾಗಿ ಎಬ್ಬಿಸಿದ್ದು ನಮ್ಮ ತಪ್ಪು. ಯಾರ ಸುರಕ್ಷತೆಗೂ ಅಪಾಯವಿಲ್ಲದಿದ್ದಾಗ ಭದ್ರತಾ ಅಧಿಕಾರಿಗಳನ್ನು ಕರೆಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಅವರಲ್ಲಿಯೂ ಅದನ್ನು ಕಣ್ಣಾರೆ ನೋಡಬೇಕಾದ ಪ್ರಯಾಣಿಕರಲ್ಲಿಯೂ ಕ್ಷಮೆ ಕೇಳುತ್ತೇವೆ.’

ಇದರಲ್ಲಿ ಎರಡು ವಿಷಯ ಗಮನಿಸಬೇಕು. ‘ಗಾಯವಾಯಿತು’ ಎಂದು ‘ಆಗು’ ಪದವನ್ನೇ ಇಟ್ಟಿದ್ದೇನೆ. ಅದು ಜಾರಿಕೆಯಲ್ಲ, ಏಕೆಂದರೆ ಅದರ ಹಿಂದಿನ ವಾಕ್ಯದಲ್ಲೇ ಎಳೆದವರು ನಿಂತಿದ್ದಾರೆ. ಎರಡನೆಯದು, ಎಳೆದವರು ಕಂಪನಿಯ ನೌಕರರಲ್ಲ, ಚಿಕಾಗೋ ನಗರಾಡಳಿತದ ಅಧಿಕಾರಿಗಳು. ಹೊಣೆ ಹೊರುವುದೆಂದರೆ ಎಲ್ಲವನ್ನೂ ‘ನಾವೇ ಮಾಡಿದೆವು’ ಎಂದು ಎದೆ ಬಡಿದುಕೊಳ್ಳುವುದಲ್ಲ. ಕರೆಸಿದ್ದು ನಾವು, ಎಳೆದದ್ದು ಅವರು. ಒಂದೊಂದು ಕ್ರಿಯೆಗೂ ಅದರ ಕರ್ತೃವನ್ನು ಹಚ್ಚಿದರೆ ಹೊಣೆ ಅದರ ತೂಕಕ್ಕೆ ತಕ್ಕಂತೆ ತಾನೇ ಹಂಚಿಕೆಯಾಗುತ್ತದೆ.

ಏಪ್ರಿಲ್ 27ರಂದು ಕಂಪನಿ ತನ್ನ ಪರಿಶೀಲನೆಯ ವರದಿ ಹೊರಡಿಸಿತು. ಹತ್ತು ಬದಲಾವಣೆಗಳನ್ನು ಹೇಳಿತು. ಸುರಕ್ಷತೆ, ಭದ್ರತೆಯ ಪ್ರಶ್ನೆ ಇದ್ದಾಗ ಮಾತ್ರ ಪೊಲೀಸರನ್ನು ಕರೆಯುತ್ತೇವೆ, ಸಿಬ್ಬಂದಿಗೆ ಸೀಟು ಬೇಕಿದ್ದರೆ ಹೊರಡುವ ಕನಿಷ್ಠ 60 ನಿಮಿಷ ಮೊದಲೇ ಕಾಯ್ದಿರಿಸುತ್ತೇವೆ, ತಾವಾಗಿ ಸೀಟು ಬಿಡುವವರಿಗೆ 10,000 ಡಾಲರ್‌ವರೆಗೂ ಕೊಡುತ್ತೇವೆ ಎಂದಿತು. ಇವು ಅಳೆದು ನೋಡಬಹುದಾದ ಮಾತುಗಳು. ಗಂಟೆ ಹಿಡಿದು ನೋಡಬಹುದು, ದುಡ್ಡು ಎಣಿಸಬಹುದು. ಆದರೆ ಅದೇ ದಿನ ಗ್ರಾಹಕರಿಗೆ ಹೋದ ಪತ್ರದಲ್ಲಿ ಹೀಗಾದದ್ದೇಕೆ ಎಂಬುದಕ್ಕೆ ಕೊಟ್ಟ ಕಾರಣ ನೋಡಿ: ‘ನಮ್ಮ ಕಂಪನಿಯ ನೀತಿಗಳನ್ನು ನಮ್ಮೆಲ್ಲರ ಮೌಲ್ಯಗಳಿಗಿಂತ ಮುಂದೆ ಇಡಲಾಯಿತು.’ ಇಟ್ಟವರು ಯಾರು? ನೀತಿ ಬರೆದವರು, ಅದನ್ನು ಮುರಿಯಲು ಗೇಟಿನ ನೌಕರನಿಗೆ ಅಧಿಕಾರ ಕೊಡದಿದ್ದವರು ಮೇಲಿನ ಮಹಡಿಯಲ್ಲಿದ್ದರು. ‘ನಾವು’ ಅಷ್ಟು ದೂರ ನಡೆದು ಬಂದು, ಮೆಟ್ಟಿಲ ಬುಡದಲ್ಲಿ ಮತ್ತೆ ‘ಲಾಯಿತು’ ಆಯಿತು.

ಕರ್ಮಣಿಯೆಂದರೆ ಕಳ್ಳತನ ಎಂದು ಇಲ್ಲಿಗೆ ಷರಾ ಬರೆದುಬಿಡಬಹುದಿತ್ತು. ಅದೇ ವರ್ಷದ ಇನ್ನೊಂದು ಪ್ರಕರಣ ಅದಕ್ಕೆ ಅಡ್ಡ ನಿಲ್ಲುತ್ತದೆ. 2017ರ ಫೆಬ್ರುವರಿ 28ರಂದು ಅಮೆಜಾನ್ ಕಂಪನಿಯ ‘ಎಸ್‌ತ್ರೀ’ ಎಂಬ ದತ್ತಾಂಶ ಸಂಗ್ರಹ ಸೇವೆ ಅಮೆರಿಕದ ಉತ್ತರ ವರ್ಜೀನಿಯಾ ಪ್ರದೇಶದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಕೆಟ್ಟು ಕೂತಿತು. ಅದನ್ನು ನೆಚ್ಚಿಕೊಂಡ ಎಷ್ಟೋ ಜಾಲತಾಣಗಳು ಮುಗ್ಗರಿಸಿದವು. ಸೇವೆ ಸರಿಯಿದೆಯೇ ಎಂದು ತೋರಿಸುವ ಅಮೆಜಾನಿನ ಸ್ವಂತ ಫಲಕವೂ ಅದೇ ಸೇವೆಯ ಮೇಲೆ ನಿಂತಿದ್ದರಿಂದ, ಕೆಟ್ಟಿದೆ ಎಂದು ಹೇಳಲು ಕೂಡ ಅದಕ್ಕೆ ಆಗಲಿಲ್ಲ. ಆಮೇಲೆ ಕಂಪನಿ ಕೊಟ್ಟ ವಿವರಣೆಯ ಸಾರ ಇದು: ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿದ್ದುದನ್ನು ಸರಿಪಡಿಸಲು ನಮ್ಮ ತಂಡದ ಅಧಿಕೃತ ಸದಸ್ಯರೊಬ್ಬರು ಕೆಲವು ಸರ್ವರ್‌ಗಳನ್ನು ತೆಗೆಯುವ ಆದೇಶ ಕೊಟ್ಟರು. ‘ದುರದೃಷ್ಟವಶಾತ್ ಆದೇಶದ ಒಂದು ಭಾಗವನ್ನು ತಪ್ಪಾಗಿ ನಮೂದಿಸಲಾಯಿತು’ ಮತ್ತು ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು.

ತಪ್ಪು ನಡೆದ ಆ ಒಂದು ಕ್ಷಣಕ್ಕೇ ‘ಲಾಯಿತು’ ಬಂದಿದೆ. ಯುನೈಟೆಡ್‌ನಲ್ಲಿ ಕಂಡ ಹೊರಳೇ ಇಲ್ಲೂ ಇದೆ. ಆದರೂ ನಾನು ಇದಕ್ಕೆ ಗೆರೆ ಎಳೆಯುವುದಿಲ್ಲ. ಒಬ್ಬ ನೌಕರನ ಬೆರಳು ಜಾರಿತು ಎಂಬುದನ್ನು ಹಿಂದಿನ ವಾಕ್ಯ ಮುಚ್ಚಿಟ್ಟಿಲ್ಲ. ಮುಚ್ಚಿದ್ದು ಆತನ ಮುಖವನ್ನು ಮಾತ್ರ. ಮುಂದಿನ ವಾಕ್ಯಗಳಲ್ಲಿ ಕಂಪನಿ ತಪ್ಪನ್ನು ಬೆರಳಿನಿಂದ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತದೆ. ಇಷ್ಟು ಸರ್ವರ್‌ಗಳನ್ನು ಇಷ್ಟು ಬೇಗ ತೆಗೆಯಲು ನಮ್ಮ ಸಾಧನ ಬಿಡುತ್ತಿತ್ತು, ಈಗ ನಿಧಾನವಾಗಿ ತೆಗೆಯುವಂತೆ ಬದಲಿಸಿದ್ದೇವೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗದಂತೆ ತಡೆ ಹಾಕಿದ್ದೇವೆ ಎನ್ನುತ್ತದೆ. ಮುಖ್ಯ ವ್ಯವಸ್ಥೆಗಳನ್ನು ಎಷ್ಟೋ ವರ್ಷಗಳಿಂದ ಪೂರ್ತಿ ಮರುಚಾಲನೆ ಮಾಡಿರಲಿಲ್ಲ, ಅದಕ್ಕೇ ಎದ್ದೇಳಲು ಇಷ್ಟು ಹೊತ್ತು ಹಿಡಿಯಿತು ಎಂದೂ ಒಪ್ಪಿಕೊಳ್ಳುತ್ತದೆ. ದುರ್ಬಲನನ್ನು ಕಾಯಲು ಬಳಸಿದ ಕರ್ಮಣಿ ಬೇರೆ, ಬಲಿಷ್ಠನನ್ನು ಕಾಯಲು ಬಳಸಿದ ಕರ್ಮಣಿ ಬೇರೆ. ಎರಡಕ್ಕೂ ಪ್ರತ್ಯಯ ಒಂದೇ ಆದ್ದರಿಂದ ಪ್ರತ್ಯಯ ನೋಡಿ ತೀರ್ಪು ಕೊಡಲಾಗದು. ‘ಕೆಳಗಿನ ನೌಕರನೊಬ್ಬನ ನಿರ್ಲಕ್ಷ್ಯದಿಂದ ಹೀಗಾಯಿತು, ಅವನನ್ನು ಅಮಾನತು ಮಾಡಿದ್ದೇವೆ’ ಎನ್ನುವ ಹೇಳಿಕೆಗಳು ಬರುತ್ತವಲ್ಲ, ಅವುಗಳಲ್ಲಿ ಕರ್ತೃ ಬಹಳ ಸ್ಪಷ್ಟವಾಗಿರುತ್ತದೆ. ನನಗೆ ಅವುಗಳ ಮೇಲೆಯೇ ಹೆಚ್ಚು ಅನುಮಾನ.

ವಕೀಲರು ಬಿಡುವುದಿಲ್ಲ ಎಂಬ ಮಾತನ್ನು ಕಂಪನಿಯವರಿಂದ ಎಷ್ಟೋ ಸಲ ಕೇಳಿದ್ದೇನೆ. ‘ನಮ್ಮ ತಪ್ಪು’ ಎಂದು ಬರೆದುಕೊಟ್ಟರೆ ನಾಳೆ ಕೋರ್ಟಿನಲ್ಲಿ ಅದನ್ನೇ ಹಿಡಿದು ನಿಲ್ಲಿಸುತ್ತಾರೆ ಎಂಬ ಭಯ ಸುಳ್ಳಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2006ರಲ್ಲಿ, ಕ್ಷಮೆ ಕೇಳಿದ್ದನ್ನು ತಪ್ಪೊಪ್ಪಿಗೆ ಎಂದು ಎಣಿಸಬಾರದು ಎಂದು ಒಂದು ಕಾಯಿದೆಯನ್ನೇ ಮಾಡಿತು. ಆ ಭಯವಿರುವಲ್ಲಿ ಮಧ್ಯದ ದಾರಿಯೊಂದಿದೆ: ತೀರ್ಪಿನ ಮಾತು ಬಿಟ್ಟು ಕ್ರಿಯೆಯ ಮಾತು ಹೇಳುವುದು. ‘ನಮ್ಮ ನಿರ್ಲಕ್ಷ್ಯ’ ಎಂದು ಬರೆಯಲು ವಕೀಲರು ಬಿಡದಿರಬಹುದು. ‘ನಾವು ಕರೆಸಿದೆವು’ ಎನ್ನುವುದು ಎಲ್ಲರ ಫೋನಿನಲ್ಲೂ ಇರುವ ಸಂಗತಿ. ಅದನ್ನು ಬಚ್ಚಿಟ್ಟು ಉಳಿಸಿಕೊಳ್ಳುವುದು ಏನೂ ಇಲ್ಲ. ಯುನೈಟೆಡ್ ಅಷ್ಟೆಲ್ಲ ತಡವರಿಸಿದರೂ ಕೊನೆಗೆ ಅದೇ ಏಪ್ರಿಲ್ 27ರಂದು ಆ ವೈದ್ಯರೊಂದಿಗೆ ರಾಜಿ ಮಾಡಿಕೊಂಡಿತು. ಮೊತ್ತವನ್ನು ಹೊರಗೆ ಹೇಳಲಿಲ್ಲ.

ಇನ್ನು ನನ್ನ ಬ್ಯಾಂಕಿನ ಸಂದೇಶ. ಅದನ್ನು ತಿದ್ದಲು ಕೂತೆ, ಮೊದಲ ಸಾಲಿನಲ್ಲೇ ನಿಂತುಹೋದೆ. ‘ನಾವು ನಿಮ್ಮ ಖಾತೆಯಿಂದ ವಾರ್ಷಿಕ ಶುಲ್ಕವನ್ನು ಎರಡು ಸಲ ತೆಗೆದುಕೊಂಡೆವು’ ಎಂದು ಬರೆಯಬಹುದು. ಆಮೇಲೆ? ಹೇಗೆ ತೆಗೆದುಕೊಂಡರು, ಎಷ್ಟು ಜನರಿಂದ, ಯಾವಾಗ ವಾಪಸು, ಏನೂ ಗೊತ್ತಿಲ್ಲ. ವಾಕ್ಯ ತಿದ್ದುವುದು ಭಾಷೆಯ ಕೆಲಸ ಎಂದುಕೊಂಡು ಕೂತವರೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಾರೆ. ಸಂಗತಿ ಇಲ್ಲದೆ ಕರ್ತರಿ ಪ್ರಯೋಗ ಮಾಡಿದರೆ ‘ನಾವು ತಪ್ಪು ಮಾಡಿದೆವು’ ಎಂಬ ಟೊಳ್ಳು ವಾಕ್ಯ ಹುಟ್ಟುತ್ತದೆ, ಅದೂ ‘ತಪ್ಪುಗಳಾಗಿವೆ’ ಎನ್ನುವುದೂ ಅಣ್ಣತಮ್ಮಂದಿರೇ. ಅದಕ್ಕೇ ಪೆನ್ಸಿಲ್ ಕೆಳಗಿಟ್ಟು ಬ್ಯಾಂಕಿನ ಶಾಖೆಗೆ ಹೋದೆ.

ಮ್ಯಾನೇಜರು ಒಳ್ಳೆಯವರು, ಕಾಫಿ ತರಿಸಿದರು. ಏನಾಯಿತು ಎಂದು ಕೇಳಿದ್ದೇ ತಡ, ಒಂದೇ ಉಸಿರಿಗೆ ಹೇಳಿದರು: ‘ಏನಿಲ್ಲ ಸಾರ್, ಹೆಡ್ಡಾಫೀಸಲ್ಲಿ ನಮ್ಮೋರೇ ಫೈಲ್ ಎರಡು ಸಲ ಅಪ್‌ಲೋಡ್ ಮಾಡಿಬಿಟ್ಟಿದ್ದಾರೆ. ಮೊದಲನೇ ಸಲ ಹೋಯ್ತೋ ಇಲ್ಲವೋ ಗೊತ್ತಾಗಲಿಲ್ಲವಂತೆ, ಇನ್ನೊಂದು ಸಲ ಒತ್ತಿದ್ದಾರೆ. ಶುಕ್ರವಾರದೊಳಗೆ ಎಲ್ಲರಿಗೂ ವಾಪಸ್ ಹಾಕ್ತೀವಿ.’ ಕರ್ತೃ, ಕರ್ಮ, ಕ್ರಿಯೆ, ಕಾರಣ, ಗಡುವು ಎಲ್ಲವೂ ಇದ್ದವು. ಬಾಯಿಮಾತಿನ ಕನ್ನಡಕ್ಕೆ ಈ ರೋಗವೇ ಇಲ್ಲ, ಬರೆಯಲು ಕೂತಾಗ ಅಂಟಿಕೊಳ್ಳುತ್ತದೆ.

ಅಲ್ಲೇ ಚಲನ್ನಿನ ಹಿಂಬದಿಯಲ್ಲಿ ಬರೆದು ತೋರಿಸಿದೆ: ‘ನಾವು ನಿಮ್ಮ ಖಾತೆಯಿಂದ ವಾರ್ಷಿಕ ಶುಲ್ಕವನ್ನು ತಪ್ಪಾಗಿ ಎರಡು ಸಲ ತೆಗೆದುಕೊಂಡಿದ್ದೇವೆ. ಶುಲ್ಕದ ಫೈಲನ್ನು ನಮ್ಮ ಪ್ರಧಾನ ಕಚೇರಿಯಲ್ಲಿ ಎರಡು ಬಾರಿ ಅಪ್‌ಲೋಡ್ ಮಾಡಿದ್ದು ಇದಕ್ಕೆ ಕಾರಣ. ಹೆಚ್ಚುವರಿ ಹಣವನ್ನು ಶುಕ್ರವಾರದೊಳಗೆ ನಿಮ್ಮ ಖಾತೆಗೆ ಹಾಕುತ್ತೇವೆ. ನೀವು ಏನೂ ಮಾಡಬೇಕಾಗಿಲ್ಲ. ಅಷ್ಟರಲ್ಲಿ ಖಾತೆಯಲ್ಲಿ ಹಣ ಸಾಲದೆ ನಿಮ್ಮ ಚೆಕ್ ವಾಪಸಾಗಿ ದಂಡ ಬಿದ್ದಿದ್ದರೆ ಅದನ್ನೂ ನಾವೇ ತುಂಬಿಕೊಡುತ್ತೇವೆ. ಕ್ಷಮಿಸಿ.’ ಒತ್ತಿದ ನೌಕರನ ಸುದ್ದಿ ಎತ್ತಲಿಲ್ಲ. ಎರಡನೇ ಸಲ ಒತ್ತಿದರೂ ತಡೆಯದ ವ್ಯವಸ್ಥೆ ಆತನದಲ್ಲ.

ಮ್ಯಾನೇಜರು ಎರಡು ಸಲ ಓದಿದರು. ದಂಡದ ಸಾಲಿನ ಮೇಲೆ ಬೆರಳಿಟ್ಟು, ‘ಇದು ನಮಗೆ ಹೊಳೆದೇ ಇರಲಿಲ್ಲ ಸಾರ್, ಕೇಳಬೇಕು’ ಎಂದರು. ಆಮೇಲೆ ಚಲನ್ನನ್ನು ನನ್ನ ಕಡೆಗೇ ಸರಿಸಿ, ‘ಚೆನ್ನಾಗಿದೆ. ಆದ್ರೆ ಹೀಗೆಲ್ಲ ಕಳಿಸಕ್ಕಾಗಲ್ಲ, ಮೆಸೇಜಿಗೆ ಒಂದು ಫಾರ್ಮ್ಯಾಟ್ ಇದೆ’ ಎಂದರು.

‘ಯಾರು ಮಾಡಿದ ಫಾರ್ಮ್ಯಾಟು?’ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ‘ಮೊದಲಿಂದಲೂ ಬಂದಿದೆ ಸಾರ್.’